ಗೇನ್ ಏರಿಸಿದ್ರೆ ಓಲಾಟ ಹೋಗುತ್ತೆ, ನಡುಕ ಬರುತ್ತೆ. S, T ಎರಡನ್ನೂ ಒಟ್ಟಿಗೆ ಇಳಿಸೋಕೆ ದಾರಿ ಇಲ್ವಾ?

ತೇಲೋಕ್ಯಾಮೆರಾ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ. ನೀರಿನ ಮೇಲೆ ತೇಲೋ ಒಂದು ವೇದಿಕೆ, ಅದರ ಮೇಲೆ ಎಡಕ್ಕೂ ಬಲಕ್ಕೂ ತಿರುಗೋ ಮೋಟಾರ್ ತಲೆ, ತಲೆ ಮೇಲೆ ಕ್ಯಾಮೆರಾ. ದಡದಲ್ಲಿ 10 ಮೀಟರ್ ದೂರಕ್ಕೆ ಒಂದು ಗುರುತು ನೆಟ್ಟಿದೀನಿ, ಕ್ಯಾಮೆರಾ ಯಾವಾಗ್ಲೂ ಅದನ್ನೇ ನೋಡ್ತಾ ಇರ್ಬೇಕು, ಅಷ್ಟೇ ಕೆಲಸ. ಡ್ರೈವ್‌ಗೆ ಸ್ಪೀಡ್ ಕಮಾಂಡ್ ಕೊಡ್ತೀನಿ, ಗುರುತು ಎಷ್ಟು ಡಿಗ್ರಿ ಪಕ್ಕಕ್ಕೆ ಹೋಗಿದೆಯೋ ಅದಕ್ಕೆ ಒಂದು ಗೇನ್ ಗುಣಿಸಿದ್ರೆ ಅದೇ ಸ್ಪೀಡ್, ಬೇರೆ ಏನೂ ಹಾಕಿಲ್ಲ. ಸೆಕೆಂಡಿಗೆ 100 ಫ್ರೇಮ್, ಫೋಟೋ ತೆಗೆದು ಗುರುತು ಹುಡುಕಿ ಕಮಾಂಡ್ ಹೋಗೋ ಹೊತ್ತಿಗೆ ಎಲ್ಲಾ ಸೇರಿ 20 ಮಿಲಿಸೆಕೆಂಡ್ ಡಿಲೇ.

ವೇದಿಕೆ ನಿಧಾನಕ್ಕೆ ಓಲಾಡುತ್ತೆ, ಒಂದು ಸುತ್ತಿಗೆ ಆರು ಸೆಕೆಂಡ್ ಚಿಲ್ರೆ, ಆ ಕಡೆ 2 ಡಿಗ್ರಿ ಈ ಕಡೆ 2 ಡಿಗ್ರಿ. ಎಷ್ಟು ಸರಿ ನಿಲ್ತಿದೆ ಅಂತ ನೋಡೋಕೆ ತಲೆಗೆ ಒಂದು ಲೇಸರ್ ಕಟ್ಟಿ, ಗುರುತಿನ ಪಕ್ಕದಲ್ಲಿ ಗ್ರಾಫ್ ಹಾಳೆ ಅಂಟಿಸಿದೀನಿ. ಗೇನ್ 10 ಇಟ್ಟಾಗ ಲೇಸರ್ ಚುಕ್ಕೆ ಹಾಳೆ ಮೇಲೆ ನಿಧಾನಕ್ಕೆ 35 ಮಿಲಿಮೀಟರ್ ಆ ಕಡೆ 35 ಈ ಕಡೆ ಹೋಗಿ ಬರುತ್ತೆ, ಚುಕ್ಕೆ ಒಂದು ನಾಲ್ಕೈದು ಮಿಲಿಮೀಟರ್ ಅಗಲಕ್ಕೆ ಮಸುಕಾಗಿ ಕಾಣುತ್ತೆ. ಗೇನ್ 50 ಮಾಡಿದ್ರೆ ಓಲಾಟ 7 ಮಿಲಿಮೀಟರ್‌ಗೆ ಇಳೀತು, ಖುಷಿಯಾಯ್ತು, ಆದ್ರೆ ಚುಕ್ಕೆ ಹದಿನೆಂಟು ಇಪ್ಪತ್ತು ಮಿಲಿಮೀಟರ್ ಅಗಲದ ಗೀಟಾಗೋಯ್ತು, ಮೋಟಾರ್ ಗುರ್ ಅಂತ ಸದ್ದು ಬೇರೆ. ಇನ್ನೂ ವಿಚಿತ್ರ ಏನಂದ್ರೆ ವೇದಿಕೆ ಎಂಜಿನ್ ಸ್ಟಾರ್ಟ್ ಮಾಡಿದ್ರೆ, ಐಡ್ಲಿಂಗ್ ಸುಮಾರು 660 ಆರ್‌ಪಿಎಂ, ಚುಕ್ಕೆ ನಡುಕ ಕಂಟ್ರೋಲ್ ಆಫ್ ಮಾಡಿದಾಗ ಇರೋದಕ್ಕಿಂತ ಜಾಸ್ತಿ! ಕಂಟ್ರೋಲ್ ಇರೋದೇ ನಡುಕ ಕಮ್ಮಿ ಮಾಡೋಕಲ್ವಾ? ಕ್ಲಾಸಲ್ಲಿ S + T = 1 ಅಂತ ಓದಿದ್ದೆ, S ಅಂದ್ರೆ ಓಲಾಟದಲ್ಲಿ ಎಷ್ಟು ಉಳಿಯುತ್ತೆ, T ಅಂದ್ರೆ ಕ್ಯಾಮೆರಾ ನಾಯ್ಸಲ್ಲಿ ಎಷ್ಟು ತಲೆಗೆ ಬರುತ್ತೆ ಅಂತ, ಇದು ಅದೇನಾ? ಎರಡನ್ನೂ ಸಣ್ಣದು ಮಾಡೋಕೆ ಆಗಲ್ವಾ?

ಫಿಲ್ಟರ್‌ಪ್ರಿಯ

ಗುರೂ ಇದಕ್ಕೆ ಇಷ್ಟೊಂದು ತಲೆ ಕೆಡಿಸ್ಕೋಬೇಡಿ. ಗೇನ್ 50 ಹಾಗೇ ಇರ್ಲಿ, ಕ್ಯಾಮೆರಾದಿಂದ ಬರೋ ಓದಿಗೆ ಒಂದು ಲೋ ಪಾಸ್ ಫಿಲ್ಟರ್ ಹಾಕಿ. ಓಲಾಟ ನಿಧಾನದ್ದು, ನಾಯ್ಸ್ ವೇಗದ್ದು, ಎರಡೂ ಬೇರೆ ಬೇರೆ ಫ್ರೀಕ್ವೆನ್ಸಿ, ಫಿಲ್ಟರ್ ನಾಯ್ಸ್ ಕಿತ್ತು ಹಾಕುತ್ತೆ ಓಲಾಟ ಬಿಡುತ್ತೆ. S + T = 1 ಅಂದ್ರೆ ಒಂದು ಫ್ರೀಕ್ವೆನ್ಸಿಲಿ S 0.3 ಇದ್ರೆ T 0.7, ಅಷ್ಟೇ. ಒಂದೇ ಫ್ರೀಕ್ವೆನ್ಸಿಲಿ ಎರಡೂ ಬೇಕು ಅಂದ್ರೆ ಮಾತ್ರ ಜಗಳ, ನಿಮ್ಮ ಕೇಸಲ್ಲಿ ಜಗಳಾನೇ ಇಲ್ಲ.

ಸುಮಾ_ಲೂಪ್

ತೇಲೋಕ್ಯಾಮೆರಾ ಅವ್ರೇ, ಲೇಸರ್ ಕಟ್ಟಿದ್ದು ಬಹಳ ಒಳ್ಳೇ ಕೆಲಸ, ಯಾಕೆ ಅಂತ ಕೊನೇಲಿ ಹೇಳ್ತೀನಿ. ನಿಮ್ಮ ಕೇಸ್ ಲೆಕ್ಕಕ್ಕೆ ತುಂಬಾ ಸರಾಗ, ಅದನ್ನೇ ಹಿಡಿದು ಹೋಗೋಣ.

ತಲೆ ನಿಜವಾಗ್ಲೂ ನೋಡ್ತಿರೋ ದಿಕ್ಕು y, ಓಲಾಟದಿಂದ ಬರೋದು d, ಕ್ಯಾಮೆರಾ ಗುರುತು ಹುಡುಕೋದ್ರಲ್ಲಿ ಮಾಡೋ ತಪ್ಪು n ಅಂತ ಇಟ್ಕೊಳ್ಳಿ. ಲೂಪ್ ಒಂದು ಸುತ್ತು ಹಾಕಿ ಬಂದ್ರೆ ಸಿಗೋ ಗುಣಕ L. ಆಗ

y = S·d − T·n,  S = 1/(1+L),  T = L/(1+L)

ಸೂತ್ರ ಪಕ್ಕಕ್ಕಿಡಿ, ಲೂಪ್ ಜಾಗದಲ್ಲಿ ನೀವೇ ಕೂತಿದೀರಿ ಅಂದ್ಕೊಳ್ಳಿ. ನಿಮಗೆ ಬರೋದು ಒಂದೇ ನಂಬರ್, ಕ್ಯಾಮೆರಾ ಹೇಳಿದ್ದು. ಗುರುತು 0.1 ಡಿಗ್ರಿ ಪಕ್ಕಕ್ಕೆ ಹೋಯ್ತು ಅಂತ ಅದು ಹೇಳ್ತು. ವೇದಿಕೆ ನಿಜವಾಗಿ ಓಲಾಡಿದ್ದಾ, ಇಲ್ಲಾ ಕ್ಯಾಮೆರಾ ಕಣ್ಣು ತಪ್ಪಿದ್ದಾ? ನಿಮಗೆ ಗೊತ್ತಾಗಲ್ಲ, ಆ ನಂಬರಲ್ಲಿ d ಕೂಡ n ಕೂಡ ಕಲಸಿಕೊಂಡು ಬಂದಿರುತ್ತೆ. ನಂಬಿ ಮೋಟಾರ್ ತಿರುಗಿಸಿದ್ರೆ ಓಲಾಟ ಹೋಗುತ್ತೆ, ಆದ್ರೆ ಕ್ಯಾಮೆರಾ ತಪ್ಪಾಗಿದ್ರೆ ಆ ತಪ್ಪನ್ನ ನೀವೇ ನಿಜ ಮಾಡಿಬಿಡ್ತೀರಿ. ನಂಬದೇ ಸುಮ್ಮನೆ ಕೂತ್ರೆ ತಪ್ಪು ನಿಜ ಆಗಲ್ಲ, ಓಲಾಟ ಹಾಗೇ ಉಳಿಯುತ್ತೆ. ಪ್ರತಿ ಫ್ರೀಕ್ವೆನ್ಸಿಲೂ ಲೂಪ್ ಸೆನ್ಸರನ್ನ ಎಷ್ಟು ನಂಬುತ್ತೆ ಅನ್ನೋದೇ T, ನಂಬದೇ ಉಳಿಸಿದ್ದು S. ಅದಕ್ಕೇ ಎರಡೂ ಕೂಡಿದ್ರೆ 1. ಕಂಟ್ರೋಲರ್ ಎಷ್ಟೇ ಜಾಣತನದಿಂದ ಮಾಡಿ, ಬರೋ ನಂಬರ್ ಒಂದೇ ಇರೋ ತನಕ ಈ ಗಂಟು ಬಿಡಿಸೋಕಾಗಲ್ಲ.

ಈಗ ನಿಮ್ಮ ಲೂಪ್, L = K·e^(−0.02s)/s. ಓಲಾಟ ಇರೋದು ಸೆಕೆಂಡಿಗೆ 1 ರೇಡಿಯನ್ ಹತ್ರ. ಅಲ್ಲಿ K = 10 ಇದ್ರೆ |S| = 0.1, K = 50 ಇದ್ರೆ 0.02. 10 ಮೀಟರ್ ದೂರದಲ್ಲಿ 2 ಡಿಗ್ರಿ ಅಂದ್ರೆ ಸುಮಾರು 350 ಮಿಲಿಮೀಟರ್, ಅದಕ್ಕೆ ಗುಣಿಸಿ ನೋಡಿ, 35 ಮತ್ತು 7. ನಿಮ್ಮ ಗ್ರಾಫ್ ಹಾಳೆ ಹೇಳಿದ್ದೂ ಇದೇ ಅಲ್ವಾ. ಇನ್ನು ನಾಯ್ಸ್ ಕಡೆ ಸೆಕೆಂಡಿಗೆ 100 ರೇಡಿಯನ್ ಹತ್ರ ನೋಡಿದ್ರೆ |T| K = 10 ಕ್ಕೆ 0.11, K = 50 ಕ್ಕೆ 0.86. ಅಂದ್ರೆ ಆ ವೇಗದಲ್ಲಿ ಕ್ಯಾಮೆರಾ ತಡವರಿಸೋದನ್ನ ಮೋಟಾರ್ ಹೆಚ್ಚುಕಮ್ಮಿ ಪೂರ್ತಿ ನಂಬಿ ತಲೆ ಅಲ್ಲಾಡಿಸ್ತಿದೆ. ಓಲಾಟ ಐದು ಪಟ್ಟು ಕಮ್ಮಿ, ನಾಯ್ಸ್ ಸುಮಾರು ಎಂಟು ಪಟ್ಟು ಜಾಸ್ತಿ.

ಫಿಲ್ಟರ್‌ಪ್ರಿಯ ಅವ್ರೇ, ಬೇರೆ ಬೇರೆ ಫ್ರೀಕ್ವೆನ್ಸಿಲಿ ಇದ್ರೆ ಬದುಕಬಹುದು ಅಂದಿದ್ದು ಸರಿ, ಕಂಟ್ರೋಲ್ ಅನ್ನೋದು ನಡೀತಿರೋದೇ ಅದರಿಂದ. ಆದ್ರೆ 0.3 ಮತ್ತು 0.7 ಲೆಕ್ಕ ತಪ್ಪು. ಇವು ಕಾಂಪ್ಲೆಕ್ಸ್ ನಂಬರ್, ಉದ್ದದ ಜೊತೆ ದಿಕ್ಕೂ ಇದೆ. ಇವರ ಲೂಪಲ್ಲೇ K = 50, ಸೆಕೆಂಡಿಗೆ 69 ರೇಡಿಯನ್ ಹತ್ರ |S| = 3.13, |T| = 2.27. ಎರಡೂ ಒಂದಕ್ಕಿಂತ ದೊಡ್ಡವು, ಆದ್ರೂ ಕೂಡಿದ್ರೆ 1, ಯಾಕಂದ್ರೆ ಎರಡು ಬಾಣಗಳೂ ಹೆಚ್ಚುಕಮ್ಮಿ ಎದುರು ಬದುರು ನಿಂತಿವೆ. ಅಲ್ಲಿ ಓಲಾಟವೂ ಹಿಗ್ಗುತ್ತೆ, ನಾಯ್ಸೂ ಹಿಗ್ಗುತ್ತೆ, ಎರಡೂ ಕಡೆ ನಷ್ಟ. 69 ರೇಡಿಯನ್ ಅಂದ್ರೆ 11 ಹರ್ಟ್ಜ್. ನಿಮ್ಮ ಎಂಜಿನ್ 660 ಆರ್‌ಪಿಎಂ ಅಂದ್ರೆ ಎಷ್ಟು ಹರ್ಟ್ಜ್ ಅಂತ ಈಗ ಭಾಗಿಸಿ ನೋಡಿ.

ತೇಲೋಕ್ಯಾಮೆರಾ

ಅಯ್ಯೋ 11! ಸರಿಯಾಗಿ ಅದೇ ಗುಡ್ಡದ ತುದಿ ಮೇಲೆ ಕೂತಿದೆ. ಅಂದ್ರೆ ಎಂಜಿನ್ ನಡುಕಾನ ನನ್ನ ಕಂಟ್ರೋಲೇ ಮೂರು ಪಟ್ಟು ಮಾಡ್ತಿದೆ. ಎರಡು ವಾರದಿಂದ ನಟ್ಟು ಬೋಲ್ಟು ಬಿಗಿ ಮಾಡ್ತಾ ಕೂತಿದ್ದೆ ಮೇಡಂ.

ಬೇರ್_ಇಂಟಿಗ್ರೇಟರ್

ಒಂದು ನಿಮಿಷ, ನನಗೆ ಇದು ಒಪ್ಪಿಗೆ ಆಗ್ತಿಲ್ಲ. ಇಂಟಿಗ್ರೇಟರ್‌ಗೆ ಬರೀ ಗೇನ್ ಹಾಕಿದ್ರೆ S = s/(s+K). ಇದರ ಮ್ಯಾಗ್ನಿಟ್ಯೂಡ್ ಯಾವ ಫ್ರೀಕ್ವೆನ್ಸಿಲೂ ಒಂದನ್ನ ದಾಟೋದೇ ಇಲ್ಲ, ಪೇಪರ್ ಮೇಲೆ ಎರಡು ಸಾಲಲ್ಲಿ ಪ್ರೂವ್ ಮಾಡಬಹುದು. 3.13 ಎಲ್ಲಿಂದ ಬಂತು? ಪ್ಲಾಂಟ್ ಮಾಡೆಲ್ ತಪ್ಪಿರ್ಬೇಕು, ಇಲ್ಲಾ ಮೋಟಾರ್ ಮೌಂಟಲ್ಲಿ ಮೆಕ್ಯಾನಿಕಲ್ ರೆಸೊನೆನ್ಸ್ ಇರ್ಬೇಕು.

ಸುಮಾ_ಲೂಪ್

ಡಿಲೇ ಇಲ್ದಿದ್ರೆ ನೀವು ಹೇಳಿದ್ದು ಅಕ್ಷರಶಃ ಸರಿ. ಎಲ್ಲಾ ಆಟ ಇರೋದು ಆ 20 ಮಿಲಿಸೆಕೆಂಡಲ್ಲಿ. K = 50 ಇದ್ದಾಗ ಲೂಪ್ ಗೇನ್ ಒಂದಾಗೋ ಜಾಗದಲ್ಲಿ ಡಿಲೇ ಒಂದೇ 57 ಡಿಗ್ರಿ ತಿಂದುಹಾಕುತ್ತೆ, 90 ಇದ್ದ ಫೇಸ್ ಮಾರ್ಜಿನ್ 33 ಕ್ಕೆ ಇಳಿಯುತ್ತೆ. ಇನ್ನೂ ಏರಿಸ್ತಾ ಹೋದ್ರೆ K = 78 ದಾಟ್ತಿದ್ದ ಹಾಗೆ ಲೂಪೇ ಕುಣಿಯೋಕೆ ಶುರು ಮಾಡುತ್ತೆ. ನಂಬಿಕೆ ಇಲ್ದಿದ್ರೆ ಇದನ್ನ ಓಡಿಸಿ ನೋಡಿ:

```python
import numpy as np
w = np.logspace(0, 2.3, 2000)
for K in (10, 25, 50):
    L = K/(1j*w) * np.exp(-0.02j*w)
    S = 1/(1+L)
    i = np.argmax(abs(S))
    print(K, abs(S[i]), w[i])
```

K = 10 ಕ್ಕೆ ಪೀಕ್ 1.19, 25 ಕ್ಕೆ 1.59, 50 ಕ್ಕೆ 3.13 ಬರುತ್ತೆ. 25 ರಿಂದ 50 ಕ್ಕೆ ಹೋಗುವಾಗ ಓಲಾಟದಲ್ಲಿ ಸಿಗೋ ಲಾಭ ಎರಡು ಪಟ್ಟು, ಅದಕ್ಕೆ ಕೊಡೋ ಬೆಲೆ ಎಷ್ಟು ನೋಡಿ.

ಬೇರ್_ಇಂಟಿಗ್ರೇಟರ್

ಓಡಿಸಿದೆ, ಬಂತು. ಡಿಲೇನ ನಾನು ಸಣ್ಣದು ಅಂತ ಬಿಟ್ಟಿದ್ದೆ. 20 ಮಿಲಿಸೆಕೆಂಡ್ ಅಂದ್ರೆ ಕಣ್ಣಿಗೂ ಗೊತ್ತಾಗಲ್ವಲ್ಲ. ಆದ್ರೂ ರೆಸೊನೆನ್ಸ್ ಇಲ್ಲ ಅಂತ ಹೇಗೆ ಹೇಳ್ತೀರಿ? ಎರಡೂ ಇರಬಹುದಲ್ವಾ.

ಗಣಿತದಂಚು

ಇಲ್ಲಿ ಒಂದು ಮಾತು ಸೇರಿಸ್ಲೇಬೇಕು, ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದದ್ದು ಇದೇ. ಹೆಂಡ್ರಿಕ್ ಬೋಡೆ 1940ರ ದಶಕದಲ್ಲೇ ತೋರಿಸಿದ್ದು: ಲೂಪ್ ತಾನಾಗೇ ಅಸ್ಥಿರ ಅಲ್ದಿದ್ರೆ, ಹೈ ಫ್ರೀಕ್ವೆನ್ಸಿಲಿ ಬೇಗ ಇಳಿಯೋದಾದ್ರೆ ಅಥವಾ ಡಿಲೇ ಇದ್ರೆ, ln|S| ಗ್ರಾಫ್ ಬರೆದು ಸೊನ್ನೆ ಗೆರೆ ಕೆಳಗಿನ ವಿಸ್ತೀರ್ಣ ಮತ್ತು ಮೇಲಿನ ವಿಸ್ತೀರ್ಣ ಅಳೆದ್ರೆ ಎರಡೂ ಸಮ. ಗಾಳಿ ತುಂಬಿದ ದಿಂಬಿನ ಹಾಗೆ, ಒಂದು ಕಡೆ ಒತ್ತಿದ್ರೆ ಇನ್ನೊಂದು ಕಡೆ ಉಬ್ಬುತ್ತೆ. ಬೇರ್_ಇಂಟಿಗ್ರೇಟರ್ ಅವರ ಡಿಲೇ ಇಲ್ಲದ ಲೂಪ್ ತಪ್ಪಿಸಿಕೊಳ್ಳೋದು ಯಾಕಂದ್ರೆ ಅದು ಒಂದೇ ಆರ್ಡರಲ್ಲಿ ನಿಧಾನಕ್ಕೆ ಇಳಿಯುತ್ತೆ. ನಿಜ ಜಗತ್ತಲ್ಲಿ ಅಂಥ ಲೂಪ್ ಇಲ್ಲ, ಡ್ರೈವ್‌ಗೊಂದು ಲ್ಯಾಗ್ ಇದ್ದೇ ಇರುತ್ತೆ.

ಒಂದು ಎಚ್ಚರಿಕೆ. ಈ ವಿಸ್ತೀರ್ಣ ಅಳೆಯೋದು ಮಾಮೂಲಿ ಫ್ರೀಕ್ವೆನ್ಸಿ ಅಕ್ಷದ ಮೇಲೆ, ಲಾಗ್ ಅಕ್ಷದ ಮೇಲಲ್ಲ. ಬೋಡೆ ಪ್ಲಾಟ್ ನೋಡಿ ಎಡಗಡೆ ಹಳ್ಳ ದೊಡ್ಡದಿದೆ ಬಲಗಡೆ ಗುಡ್ಡ ಚಿಕ್ಕದಿದೆ, ಲಾಭ ಆಯ್ತು ಅಂತ ನಾನೂ ಒಂದು ಕಾಲದಲ್ಲಿ ಅಂದ್ಕೊಂಡಿದ್ದೆ.

ಫಿಲ್ಟರ್‌ಪ್ರಿಯ

ದಿಕ್ಕಿನ ಮಾತು ಒಪ್ಕೊಂಡೆ ಮೇಡಂ. ಆದ್ರೆ ಫಿಲ್ಟರ್ ಬಗ್ಗೆ ನೀವು ಏನೂ ಹೇಳಲಿಲ್ಲ. K = 25 ಇಟ್ಟು 100 ರೇಡಿಯನ್‌ಗೆ ಕಟ್ ಆಗೋ ಫಿಲ್ಟರ್ ಹಾಕಿದ್ರೆ ನಾಯ್ಸ್ ಇಳಿಯಲ್ವಾ? ನಾನು ಯಾವಾಗ್ಲೂ ಹಾಗೇ ಮಾಡೋದು, ಕೆಲಸ ಆಗುತ್ತೆ.

ಸುಮಾ_ಲೂಪ್

ಇಳಿಯುತ್ತೆ, ಖಂಡಿತ. ಲೆಕ್ಕ ಹಾಕಿದೆ: ಸೆಕೆಂಡಿಗೆ 100 ರೇಡಿಯನ್ ಹತ್ರ |T| 0.32 ಇದ್ದಿದ್ದು 0.19 ಆಗುತ್ತೆ. ಆದ್ರೆ ಫಿಲ್ಟರ್ ಇರೋದು ಲೂಪ್ ಒಳಗೆ, ಹೊರಗಲ್ಲ. ಅದೂ L ನ ಒಂದು ಭಾಗ. ಅದು ತರೋ ಫೇಸ್ ಲ್ಯಾಗ್ ಸುಮಾರು 14 ಡಿಗ್ರಿ, ಮಾರ್ಜಿನ್ 61 ರಿಂದ 47 ರ ಸುತ್ತಮುತ್ತ ಬರುತ್ತೆ, S ಪೀಕ್ 1.59 ರಿಂದ 1.95 ಕ್ಕೆ ಏರುತ್ತೆ, ಪೀಕ್ ಇರೋ ಜಾಗವೂ 9 ಹರ್ಟ್ಜ್‌ನಿಂದ 6.5 ಹರ್ಟ್ಜ್‌ಗೆ ಕೆಳಗೆ ಸರಿಯುತ್ತೆ. ಆ 6.5 ಹರ್ಟ್ಜಲ್ಲಿ ನಿಮಗೆ ಯಾವ ಡಿಸ್ಟರ್ಬೆನ್ಸೂ ಇಲ್ಲ ಅಂದ್ರೆ ಇದು ಒಳ್ಳೇ ವ್ಯಾಪಾರ, ಹಾಕಿ. ಇದ್ರೆ ನಾಯ್ಸ್ ಕಳೆದು ಓಲಾಟ ಕೊಂಡ ಹಾಗೆ. ಜಗಳ ಮುಗಿಯಲ್ಲ, ಇನ್ನೊಂದು ಫ್ರೀಕ್ವೆನ್ಸಿಗೆ ಹೋಗುತ್ತೆ.

K = 50 ಇಟ್ಕೊಂಡು ಫಿಲ್ಟರ್ ಹಾಕಿ ಅಂದ್ರಲ್ಲ ಮೊದಲು, ಅದನ್ನ ಮಾತ್ರ ಮಾಡ್ಬೇಡಿ. ಅಲ್ಲಿ ಇರೋದೇ 33 ಡಿಗ್ರಿ, ಅದರಲ್ಲೂ ಕಿತ್ಕೊಂಡ್ರೆ ಉಳಿಯೋದೇನು.

ವಾಲ್ವ್_ಕಾವಲು

ನನ್ನದೂ ಇದೇ ಪ್ರಾಬ್ಲಂ ಅನ್ಸುತ್ತೆ, ಇಲ್ಲೇ ಕೇಳ್ತೀನಿ. ದೊಡ್ಡ ಟ್ಯಾಂಕ್, ನೀರಿನ ಮಟ್ಟ ಕಾಯೋ ಲೂಪ್. ಮಟ್ಟ ಚೆನ್ನಾಗೇ ನಿಂತಿದೆ, ಟ್ರೆಂಡ್ ನೋಡಿದ್ರೆ ಗೆರೆ ಎಳೆದ ಹಾಗಿದೆ. ಆದ್ರೆ ವಾಲ್ವ್ ಮಾತ್ರ ಒಂದು ನಿಮಿಷ ಸುಮ್ಮನಿರಲ್ಲ, ಹಿಂದೆ ಮುಂದೆ ಹಿಂದೆ ಮುಂದೆ, ಮೂರು ತಿಂಗಳಿಗೆ ಪ್ಯಾಕಿಂಗ್ ಸವೆದು ಸೋರೋಕೆ ಶುರು. ಲೆವೆಲ್ ಸೆನ್ಸರ್ ಓದು ಅರ್ಧ ಪರ್ಸೆಂಟ್ ಮೇಲೆ ಕೆಳಗೆ ಕುಣಿಯುತ್ತೆ, ಗೇನ್ 8 ಇದೆ. T ಕಮ್ಮಿ ಮಾಡ್ಬೇಕು ಅಂತ ಅರ್ಥ ಆಯ್ತು, ಎಷ್ಟು ಕಮ್ಮಿ ಮಾಡ್ಲಿ?

ಸುಮಾ_ಲೂಪ್

ಅಣ್ಣಾ ನಿಮ್ಮದು ಅಕ್ಕಪಕ್ಕದ ಪ್ರಾಬ್ಲಂ, ಇದೇ ಅಲ್ಲ. ನಿಮ್ಮ T ಆಗ್ಲೇ ಸಣ್ಣದಿದೆ, ಇಲ್ದಿದ್ರೆ ಮಟ್ಟ ಗೆರೆ ಎಳೆದ ಹಾಗೆ ಇರ್ತಿರಲಿಲ್ಲ. ಟ್ಯಾಂಕ್ ಅಷ್ಟು ದೊಡ್ಡದು, ವಾಲ್ವ್ ಎಷ್ಟು ಕುಣಿದ್ರೂ ನೀರು ಅಲ್ಲಾಡಲ್ಲ. ನಾಯ್ಸ್ ನಿಮಗೆ ಮಟ್ಟದಲ್ಲಿ ಕಾಣಲ್ಲ, ವಾಲ್ವಲ್ಲಿ ಕಾಣುತ್ತೆ. ನಾಯ್ಸ್‌ನಿಂದ ವಾಲ್ವ್‌ಗೆ ಹೋಗೋ ದಾರಿ ಕಂಟ್ರೋಲರ್ ಗೇನ್ ಗುಣಿಸು S, ವೇಗದ ನಾಯ್ಸ್ ಇರೋ ಜಾಗದಲ್ಲಿ S ಅಂದ್ರೆ 1, ಹಂಗಾಗಿ ಅರ್ಧ ಪರ್ಸೆಂಟ್ ಗುಣಿಸು 8, ವಾಲ್ವ್ 4 ಪರ್ಸೆಂಟ್ ಆ ಕಡೆ 4 ಪರ್ಸೆಂಟ್ ಈ ಕಡೆ ಸುಮ್ಮನೆ ಓಡಾಡ್ತಿದೆ. ನಿಮಗೆ ಫಿಲ್ಟರ್‌ಪ್ರಿಯ ಅವರ ಔಷಧಿ ಸರಿಹೋಗುತ್ತೆ. ಲೂಪ್ ನಿಧಾನ, ಫೇಸ್ ಬೇಕಾದಷ್ಟಿದೆ, ನಾಯ್ಸ್ ಎಲ್ಲೋ ದೂರದಲ್ಲಿದೆ. ಸೆನ್ಸರ್ ಓದಿಗೆ ಫಿಲ್ಟರ್ ಹಾಕಿ, ಅದರ ಟೈಮ್ ಕಾನ್‌ಸ್ಟಂಟ್ ಲೂಪ್ ಸೆಟಲ್ ಆಗೋ ಸಮಯಕ್ಕಿಂತ ಹತ್ತು ಪಟ್ಟು ಚಿಕ್ಕದಿರ್ಲಿ.

ವಾಲ್ವ್_ಕಾವಲು

ಫಿಲ್ಟರ್ ಟ್ರಾನ್ಸ್‌ಮಿಟರಲ್ಲೇ ಡ್ಯಾಂಪಿಂಗ್ ಅಂತ ಇದೆ, ಅದನ್ನೇ ಏರಿಸ್ಲಾ?

ಸುಮಾ_ಲೂಪ್

ಏರಿಸಬಹುದು, ಆದ್ರೆ ಎಲ್ಲಿ ಎಷ್ಟು ಇಟ್ರಿ ಅಂತ ಬರೆದಿಡಿ. ಟ್ರಾನ್ಸ್‌ಮಿಟರಲ್ಲೂ ಒಂದು, ಕಂಟ್ರೋಲರಲ್ಲೂ ಒಂದು ಇದ್ದು ಲ್ಯಾಗ್ ಎರಡೂ ಸೇರಿಕೊಂಡು ಆಮೇಲೆ ಲೂಪ್ ಯಾಕೆ ತೂಗಾಡ್ತಿದೆ ಅಂತ ಯಾರಿಗೂ ಗೊತ್ತಾಗದ ಹಾಗೆ ಆಗುತ್ತೆ.

ಈಗ ಬೇರ್_ಇಂಟಿಗ್ರೇಟರ್ ಕೇಳಿದ ರೆಸೊನೆನ್ಸ್ ಪ್ರಶ್ನೆ, ಅದು ನ್ಯಾಯವಾದ ಪ್ರಶ್ನೆ. ತಿಳ್ಕೊಳ್ಳೋ ದಾರಿ ಇದೆ. ತೇಲೋಕ್ಯಾಮೆರಾ ಅವ್ರೇ, ಕ್ಯಾಮೆರಾ ಓದು ಬಂದ ತಕ್ಷಣ ಅದಕ್ಕೆ ನೀವೇ ಒಂದು ಸಣ್ಣ ಸೈನ್ ಕೂಡಿಸಿ, 0.1 ಡಿಗ್ರಿ ಸಾಕು, ಎಂಜಿನ್ ಆಫ್ ಇರ್ಲಿ. ಕೂಡಿಸೋಕೆ ಮುಂಚಿನ ಓದಲ್ಲಿ ಆ ಫ್ರೀಕ್ವೆನ್ಸಿ ಎಷ್ಟು ದೊಡ್ಡದಾಗಿದೆ ನೋಡಿ, 0.1 ರಿಂದ ಭಾಗಿಸಿದ್ರೆ ಅದೇ |T|. ಕೂಡಿಸಿದ ಮೇಲಿನ ಸಿಗ್ನಲ್ 0.1 ರಿಂದ ಭಾಗಿಸಿದ್ರೆ |S|. 2 ಹರ್ಟ್ಜ್‌ನಿಂದ 20 ಹರ್ಟ್ಜ್‌ವರೆಗೆ ಹತ್ತು ಹನ್ನೆರಡು ಕಡೆ ಮಾಡಿ. ಆಮೇಲೆ ಗೇನ್ ಬದಲಿಸಿ ಮತ್ತೆ ಮಾಡಿ. ಡಿಲೇಯಿಂದ ಬಂದ ಗುಡ್ಡ ಆದ್ರೆ ಗೇನ್ ಇಳಿಸಿದಾಗ ಕರಗಿ ಅಗಲ ಆಗುತ್ತೆ, ಜಾಗವೂ ಸರಿಯುತ್ತೆ, 50 ಕ್ಕೆ 11 ಹರ್ಟ್ಜ್, 25 ಕ್ಕೆ 9. ಮೌಂಟ್ ಕಬ್ಬಿಣದ ರೆಸೊನೆನ್ಸ್ ಆದ್ರೆ ಗೇನ್ ಏನೇ ಮಾಡಿದ್ರೂ ಅದೇ ಜಾಗಕ್ಕೆ ಅಂಟಿಕೊಂಡು ಚೂಪಾಗಿ ಇರುತ್ತೆ, ಕಂಟ್ರೋಲ್ ಆಫ್ ಮಾಡಿ ತಟ್ಟಿದ್ರೂ ಅಲ್ಲೇ ಅಲ್ಲಾಡುತ್ತೆ.

ತೇಲೋಕ್ಯಾಮೆರಾ

ಮಾಡಿದೆ ಮೇಡಂ, ಮೂರು ದಿನ ಹಿಡೀತು. ಗೇನ್ 50 ಕ್ಕೆ ದೊಡ್ಡದು ಸಿಕ್ಕಿದ್ದು 11 ಹರ್ಟ್ಜಲ್ಲಿ, S 2.9. ಗೇನ್ 25 ಕ್ಕೆ 8 ರಿಂದ 10 ರ ಮಧ್ಯೆ ಚಪ್ಪಟೆ ಗುಡ್ಡ, 1.6. ಅಂದ್ರೆ ಇದು ಡಿಲೇ ಗುಡ್ಡನೇ. ಆದ್ರೆ 17 ಹರ್ಟ್ಜಲ್ಲಿ ಒಂದು ಚಿಕ್ಕ ಮುಳ್ಳು ಇದೆ, ಎರಡೂ ಗೇನಲ್ಲೂ ಅಲ್ಲೇ ಇದೆ. ಅದು ಬೇರ್_ಇಂಟಿಗ್ರೇಟರ್ ಹೇಳಿದ ರೆಸೊನೆನ್ಸ್ ಇರಬಹುದು.

ಬೇರ್_ಇಂಟಿಗ್ರೇಟರ್

ಹಾಗಾದ್ರೆ ಇಬ್ಬರದೂ ಸ್ವಲ್ಪ ಸ್ವಲ್ಪ ಸರಿ. 17 ಹರ್ಟ್ಜ್ ಮುಳ್ಳಿಗೆ ನಾಚ್ ಫಿಲ್ಟರ್ ಹಾಕೋದಾದ್ರೆ ಅದೂ ಕೆಳಗಿನ ಫ್ರೀಕ್ವೆನ್ಸಿಲಿ ಫೇಸ್ ತಿನ್ನುತ್ತೆ ಅನ್ನೋದು ನೆನಪಿರ್ಲಿ.

ಸುಮಾ_ಲೂಪ್

ಲೇಸರ್ ಯಾಕೆ ಒಳ್ಳೇ ಕೆಲಸ ಅಂತ ಹೇಳೋದು ಬಾಕಿ ಇತ್ತು. ನೀವು ಸ್ಕ್ರೀನಲ್ಲಿ ನೋಡೋ ಎರರ್ ಕ್ಯಾಮೆರಾ ಹೇಳಿದ ಎರರ್, ಅಂದ್ರೆ y + n. ಸೂತ್ರ ಹಾಕಿದ್ರೆ ಅದು S·(d + n). ನಿಧಾನದ ಫ್ರೀಕ್ವೆನ್ಸಿಲಿ S ಸೊನ್ನೆ ಹತ್ರ ಇರೋದ್ರಿಂದ ಸ್ಕ್ರೀನ್ ಮೇಲೆ ಎಲ್ಲಾ ಚೆನ್ನಾಗೇ ಕಾಣುತ್ತೆ. ಬಿಸಿಲಿಗೆ ಕ್ಯಾಮೆರಾ ಬ್ರಾಕೆಟ್ ಕಾದು ನಿಧಾನಕ್ಕೆ 0.2 ಡಿಗ್ರಿ ಬಾಗ್ತು ಅಂದ್ಕೊಳ್ಳಿ, ಲೂಪ್ ಅದನ್ನ ಪೂರ್ತಿ ನಂಬಿ ತಲೆನ 0.2 ಡಿಗ್ರಿ ತಪ್ಪು ದಿಕ್ಕಿಗೆ ತಿರುಗಿಸಿ ನಿಲ್ಲಿಸುತ್ತೆ, ಸ್ಕ್ರೀನ್ ಸೊನ್ನೆ ತೋರಿಸುತ್ತೆ, ಲೇಸರ್ ಚುಕ್ಕೆ ಮಾತ್ರ ಹಾಳೆ ಮೇಲೆ 35 ಮಿಲಿಮೀಟರ್ ದೂರ ಹೋಗಿರುತ್ತೆ. ಗೇನ್ ಏರಿಸಿದಷ್ಟೂ ಸ್ಕ್ರೀನ್ ಇನ್ನೂ ಚೆನ್ನಾಗಿ ಸೊನ್ನೆ ತೋರಿಸುತ್ತೆ. ಎಷ್ಟೋ ಜನ ಲೂಪ್ ಒಳಗಿನ ಸೆನ್ಸರಿಂದಲೇ ಲೂಪಿಗೆ ಮಾರ್ಕ್ಸ್ ಕೊಡ್ತಾರೆ, ಅದನ್ನ ನೋಡಿ ನೋಡಿ ನನಗೆ ಬೇಜಾರಾಗಿದೆ. ಹೊರಗಿನದೊಂದು ಅಳತೆ ಇರ್ಲೇಬೇಕು.

ಗಣಿತದಂಚು

ಹಾಗಾದ್ರೆ ಸರಿಯಾದ ಗೇನ್ ಯಾವುದು? ಲೇಸರ್ ಚುಕ್ಕೆ ಒಟ್ಟು ಹರಡೋದು ಕಮ್ಮಿ ಇರೋದು ಅಂತ ಇಟ್ಕೊಂಡ್ರೆ ಲೆಕ್ಕ ಹಾಕಬಹುದು. ಪ್ರತಿ ಫ್ರೇಮಿನ ನಾಯ್ಸ್ ಒಂದಕ್ಕೊಂದು ಸಂಬಂಧ ಇಲ್ಲದ್ದು ಅಂದ್ಕೊಂಡ್ರೆ, ತಲೆ ನಡುಗೋದು ಕ್ಯಾಮೆರಾ ನಾಯ್ಸಿನ 0.25 ಪಟ್ಟು K = 10 ಕ್ಕೆ, 0.46 ಪಟ್ಟು 25 ಕ್ಕೆ, 0.92 ಪಟ್ಟು 50 ಕ್ಕೆ. ಅಂದ್ರೆ 50 ರಲ್ಲಿ ಮೋಟಾರ್ ತಲೆ ಕ್ಯಾಮೆರಾ ನಾಯ್ಸನ್ನ ಹೆಚ್ಚುಕಮ್ಮಿ ಹಾಗೇ ನಕಲು ಮಾಡ್ತಿದೆ. ಓಲಾಟ 35, 14, 7. ನನಗೆ 25 ರ ಆಸುಪಾಸು ಸರಿ ಅನ್ಸುತ್ತೆ.

ಸುಮಾ_ಲೂಪ್

25 ನಾನೂ ಒಪ್ತೀನಿ, S ಪೀಕ್ 1.6 ಅಂದ್ರೆ ನೆಮ್ಮದಿಯ ಜಾಗ. ಆದ್ರೆ ಬರೀ ಒಟ್ಟು ಹರಡಿದ್ದು ಕಮ್ಮಿ ಮಾಡೋದೇ ಗುರಿ ಅಂತ ಇಟ್ಕೊಳ್ಳೋಕೆ ನನಗೆ ಇಷ್ಟ ಇಲ್ಲ. ಹಾಗೆ ಹುಡುಕಿ ಸಿಕ್ಕಿದ ಗೇನ್ ಡಿಲೇ 20 ರಿಂದ 25 ಮಿಲಿಸೆಕೆಂಡ್ ಆದ ದಿನ ಏನು ಮಾಡುತ್ತೆ ಅಂತ ಆ ಲೆಕ್ಕ ಹೇಳಲ್ಲ. ನಾನು ಮೊದಲು ಪೀಕ್ 2 ದಾಟಬಾರದು ಅಂತ ಬೇಲಿ ಹಾಕಿ ಒಳಗೆ ಹುಡುಕ್ತೀನಿ.

ಗಣಿತದಂಚು

ಬೇಲಿ 2 ಯಾಕೆ, 1.4 ಯಾಕಲ್ಲ? ಅದಕ್ಕೂ ಒಂದು ಕಾರಣ ಬೇಕಲ್ವಾ. ನನಗೆ ಈ ನಂಬರ್ ಯಾವಾಗ್ಲೂ ರೂಢಿಯಿಂದ ಬಂದಿದ್ದು ಅನ್ಸುತ್ತೆ.

ಸುಮಾ_ಲೂಪ್

ಪೀಕ್ 2 ಅಂದ್ರೆ ಲೂಪ್ ಗೇನ್ ಯಾರಿಗೂ ಹೇಳದೇ ಎರಡು ಪಟ್ಟಾದ್ರೂ ಅಸ್ಥಿರ ಆಗಲ್ಲ ಅನ್ನೋ ಭರವಸೆ, ಅಷ್ಟು ಕಾರಣ ಇದೆ. ಅದಕ್ಕಿಂತ ಬಿಗಿ ಬೇಕಾ ಅನ್ನೋದು ನಿಮ್ಮ ಪ್ಲಾಂಟ್ ಎಷ್ಟು ಬದಲಾಗುತ್ತೆ ಅನ್ನೋದರ ಮೇಲೆ, ಅದನ್ನ ಸೂತ್ರ ಹೇಳಲ್ಲ.

ಇನ್ನು ಮೂಲ ಪ್ರಶ್ನೆ, ದಾರಿ ಇಲ್ವಾ ಅಂತ. ಬರ್ತಿರೋ ನಂಬರ್ ಒಂದೇ ಆದ್ರೆ ಇಲ್ಲ. ಎರಡನೇದು ತನ್ನಿ. ವೇದಿಕೆಗೇ ಒಂದು ಜೈರೋ ಅಂಟಿಸಿ, ತಲೆಗೆ ಅಲ್ಲ, ವೇದಿಕೆಗೆ. ಅದು ಓಲಾಟದ ಸ್ಪೀಡ್ ಹೇಳುತ್ತೆ, ಅದನ್ನ ಕಮಾಂಡಿಂದ ನೇರ ಕಳೀರಿ. ಇದು ಲೂಪ್ ಒಳಗೆ ಬರಲ್ಲ, S ಮತ್ತು T ಇದ್ದ ಹಾಗೇ ಇರ್ತವೆ, ಲೂಪಿಗೆ ಬರೋ d ಮಾತ್ರ ಸಣ್ಣದಾಗುತ್ತೆ. 90 ಪರ್ಸೆಂಟ್ ಸರಿಯಾಗಿ ಕಳೆದ್ರೆ ಗೇನ್ 10 ರಲ್ಲೇ 35 ಇದ್ದಿದ್ದು 3.5 ಆಗುತ್ತೆ, ಮಸುಕು ಮೊದಲಿನ ನಾಲ್ಕೈದು ಮಿಲಿಮೀಟರೇ. ಜೈರೋಗೆ ಸುಮ್ಮನೆ ಒಂದು ಬಯಾಸ್ ಇರುತ್ತೆ, ಸೆಕೆಂಡಿಗೆ 0.1 ಡಿಗ್ರಿ ಇದೆ ಅಂದ್ಕೊಳ್ಳಿ, ಕ್ಯಾಮೆರಾ ಲೂಪ್ ಅದನ್ನ 0.1 ಭಾಗಿಸು 10, ಅಂದ್ರೆ 0.01 ಡಿಗ್ರಿಯಲ್ಲಿ ಹಿಡಿದು ನಿಲ್ಲಿಸುತ್ತೆ, ಹಾಳೆ ಮೇಲೆ 2 ಮಿಲಿಮೀಟರ್ ಕೂಡ ಇಲ್ಲ. ಕ್ಯಾಮೆರಾನ ನಿಧಾನದ್ದಕ್ಕೆ ನಂಬಿ, ಜೈರೋನ ಅದಕ್ಕಿಂತ ವೇಗದ್ದಕ್ಕೆ ನಂಬಿ.

ತೇಲೋಕ್ಯಾಮೆರಾ

ಜೈರೋ ಹಾಕಿ ಗೇನ್ 10 ಕ್ಕೆ ಇಳಿಸಿದೆ. ಓಲಾಟ 5 ಮಿಲಿಮೀಟರ್ ಆ ಕಡೆ ಈ ಕಡೆ, ಚುಕ್ಕೆ ಮತ್ತೆ ಚುಕ್ಕೆ ತರಾನೇ ಕಾಣ್ತಿದೆ, ಮೋಟಾರ್ ಸದ್ದೇ ಇಲ್ಲ. ಕೈಯಲ್ಲಿ ಮುಟ್ಟಿ ನೋಡಿದೆ, ಮೋಟಾರ್ ತಣ್ಣಗಿದೆ, ಮುಂಚೆ ಬೆರಳು ಇಡೋಕಾಗ್ತಿರಲಿಲ್ಲ.

ಆದ್ರೆ ಎಂಜಿನ್ 11 ಹರ್ಟ್ಜ್ ನಡುಕ ಜೈರೋ ಇದ್ರೂ ಅಷ್ಟೇನೂ ಹೋಗಿಲ್ಲ, ಒಂದು ಕಾಲು ಭಾಗ ಕಮ್ಮಿ ಆಗಿರಬಹುದು. ಓಲಾಟ ತೆಗೆಯೋ ಜೈರೋ ಇದನ್ನ ಯಾಕೆ ತೆಗೀತಿಲ್ಲ?

ಸುಮಾ_ಲೂಪ್

ಜೈರೋ ಓದಿನಿಂದ ಮೋಟಾರ್ ನಿಜವಾಗಿ ತಿರುಗೋ ತನಕ ಎಷ್ಟು ಸಮಯ ಅಂತ ಅಳೆದಿದೀರಾ? 10 ಮಿಲಿಸೆಕೆಂಡ್ ಇದ್ರೆ 11 ಹರ್ಟ್ಜಲ್ಲಿ ಅದು 40 ಡಿಗ್ರಿ ಲೇಟು, ಕಳೆದು ಉಳಿಯೋದು 0.68 ಭಾಗ. ನೀವು ಹೇಳಿದ್ದಕ್ಕೆ ಹತ್ರ ಇದೆ. 15 ಮಿಲಿಸೆಕೆಂಡ್ ಆದ್ರೆ ಕಳೆದ್ರೂ ಕಳೀದಿದ್ರೂ ಒಂದೇ, ಅದಕ್ಕಿಂತ ಜಾಸ್ತಿ ಆದ್ರೆ ಜೈರೋ ಹಾಕಿದ್ದೇ ತೊಂದರೆ.

ತೇಲೋಕ್ಯಾಮೆರಾ

ಅಳೆದಿಲ್ಲ. ಡ್ರೈವ್ ಒಳಗೆ ಒಂದು ಸ್ಪೀಡ್ ಫಿಲ್ಟರ್ ಸೆಟ್ಟಿಂಗ್ ಇದೆ ಅಂತ ಇವತ್ತು ಮ್ಯಾನುಯಲಲ್ಲಿ ನೋಡಿದೆ, ಡೀಫಾಲ್ಟ್ 8 ಮಿಲಿಸೆಕೆಂಡ್. ಅದನ್ನ 2 ಕ್ಕೆ ಇಳಿಸಿ ಎಂಜಿನ್ ಹಾಕಿ ನೋಡ್ತೀನಿ. 17 ಹರ್ಟ್ಜ್ ಮುಳ್ಳು ಆಗ ಏನು ಮಾಡುತ್ತೋ ಅದೂ ಗೊತ್ತಿಲ್ಲ, ಸೋಮವಾರ ಅಳತೆ ಹಾಕ್ತೀನಿ.

ಫಿಲ್ಟರ್‌ಪ್ರಿಯ

ಆ 8 ಮಿಲಿಸೆಕೆಂಡ್ ಮೊದಲಿನ 20 ರಲ್ಲಿ ಸೇರಿತ್ತಾ, ಇಲ್ಲಾ ಬೇರೆಯಾ? ಸೇರಿದ್ರೆ ಇಳಿಸಿದ ಮೇಲೆ ಕ್ಯಾಮೆರಾ ಲೂಪಿನ S ಗ್ರಾಫ್ ಕೂಡ ಬದಲಾಗುತ್ತೆ, ಅದನ್ನೂ ಮತ್ತೆ ಅಳೀರಿ.